ಹದ್ದುಬಸ್ತಿಗೆ ಕೇಳಿದ ಸಿ.ಎಲ್.

1995ರ ಕೊನೆಯಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಪಂಚಿಂಗ್ ಕಾರ್ಡು ನೋಡಿ ಮಸ್ಟರ್ ರೋಲ್ ತುಂಬುವುದು, ತಡವಾಗಿ ಬಂದವರ ಪಟ್ಟಿ ಮಾಡುವುದು, ರಜೆ ಅರ್ಜಿಗಳನ್ನು ಕಾರ್ಡಿಗೆ ಏರಿಸುವುದು ನನ್ನ ಕೆಲಸ. ಲೇತು, ಮಿಲ್ಲಿಂಗ್, ಗ್ರೈಂಡಿಂಗ್ ಸೇರಿ ಮೂರು ಪಾಳಿಯಲ್ಲಿ ಕೆಲಸ ನಡೆಯುತ್ತಿತ್ತು. ಕಾರ್ಮಿಕರು ತುಮಕೂರು, ಹಾಸನ, ಮಂಡ್ಯ, ಕೋಲಾರದ ಕಡೆಯವರು. ಮನೆಯಲ್ಲಿ, ಮೆಷಿನ್ ಮುಂದೆ, ಕ್ಯಾಂಟೀನಿನಲ್ಲಿ ಆಡುವುದೆಲ್ಲ ಕನ್ನಡ. ರಜೆ ಬೇಕಾದಾಗ ಮಾತ್ರ ಎಲ್ಲರೂ ಇಂಗ್ಲಿಷಿಗೆ ಹೊರಳುತ್ತಿದ್ದರು.

ಆ ಇಂಗ್ಲಿಷನ್ನು ಅವರು ಬರೆಯುತ್ತಿರಲಿಲ್ಲ, ಬರೆಸುತ್ತಿದ್ದರು. ಗೇಟಿನಾಚೆಯ ಜೆರಾಕ್ಸ್ ಅಂಗಡಿಯವನ ಹತ್ತಿರ ಒಂದು ನಮೂನೆ ಇತ್ತು: ಜ್ವರದಿಂದ ಬಳಲುತ್ತಿರುವುದರಿಂದ ಇಂತಿಷ್ಟು ದಿನ ರಜೆ ದಯಪಾಲಿಸಬೇಕು ಎಂದು. ಹೆಸರು, ಟಿಕೆಟ್ ನಂಬರು, ತಾರೀಖು ತುಂಬಿದರೆ ಮುಗಿಯಿತು. ಹೀಗಾಗಿ ನಮ್ಮ ಕಡತದ ಪ್ರಕಾರ ಇಡೀ ಕಾರ್ಖಾನೆಗೆ ವರ್ಷವಿಡೀ ಜ್ವರ. ಭಾವನ ಮದುವೆಗೆ ಹೋಗಿ ಬಂದ ಟರ್ನರ್ ಒಬ್ಬನಿಗೂ ಜ್ವರವೇ ಬಂದಿತ್ತು. ಮೂರು ದಿನದ ಕಾಯಿಲೆಗೆ ವೈದ್ಯರ ಸರ್ಟಿಫಿಕೇಟು ಕೊಡು ಎಂದು ಕಚೇರಿ ಕೇಳಿದಾಗ ಅವನು ಕಕ್ಕಾಬಿಕ್ಕಿಯಾದ. ತನ್ನ ಅರ್ಜಿಯಲ್ಲಿ ಕಾಯಿಲೆಯ ಮಾತು ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಸರ್ಟಿಫಿಕೇಟು ಇಲ್ಲವಾದ್ದರಿಂದ ಮೂರು ದಿನದ ಸಂಬಳ ಹೋಯಿತು, ಅದರ ಜೊತೆ ಆ ತಿಂಗಳ ಹಾಜರಿ ಬೋನಸ್ಸೂ ಹೋಯಿತು.

ಇಂಥ ಹೊತ್ತಿನಲ್ಲಿ ಪರ್ಸನಲ್ ಆಫೀಸರ್ ನನ್ನನ್ನು ಕರೆದು ಟೈಪ್ ಮಾಡಿದ ಹಾಳೆಗಳ ಒಂದು ಕಟ್ಟು ಕೊಟ್ಟರು. ಅದು ಕಂಪನಿಯ ಸ್ಥಾಯೀ ಆದೇಶಗಳಲ್ಲಿನ ರಜೆ ನಿಯಮಾವಳಿ. ಆಗ ಜಾರಿಯಲ್ಲಿದ್ದ 1946ರ ಕೈಗಾರಿಕಾ ಉದ್ಯೋಗ (ಸ್ಥಾಯೀ ಆದೇಶಗಳು) ಕಾಯ್ದೆಯ 9ನೇ ಕಲಮಿನ ಪ್ರಕಾರ, ಪ್ರಮಾಣೀಕರಿಸಿದ ಸ್ಥಾಯೀ ಆದೇಶಗಳನ್ನು ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಕಾರ್ಮಿಕರು ಒಳಬರುವ ಬಾಗಿಲ ಹತ್ತಿರ ಬೋರ್ಡಿಗೆ ಹಾಕಬೇಕಿತ್ತು. ನಮ್ಮ ಬೋರ್ಡಿನಲ್ಲಿ ಇಂಗ್ಲಿಷ್ ಪ್ರತಿ ಮಾತ್ರ ಇತ್ತು, ಅದೂ ಬಿಸಿಲಿಗೆ ಹಳದಿಯಾಗಿತ್ತು. ‘ಲೇಬರ್ ಇನ್‌ಸ್ಪೆಕ್ಟರ್ ಬರೋದ್ರೊಳಗೆ ಕನ್ನಡದಲ್ಲಿ ಆಗಬೇಕು. ರಜೆಯ ಭಾಗ ನೀವು ಮಾಡಿ, ಕಾರ್ಡು ಬರೆಯೋರು ನೀವೇ ತಾನೆ’ ಎಂದರು.

ಸಂಜೆ ಪಾಳಿ ಬಿಟ್ಟ ಮೇಲೆ ಕೂತು ಬರೆದೆ. ದಿನಾ ಕಾರ್ಡಿನಲ್ಲಿ ಬರೆಯುತ್ತಿದ್ದ ಸಿ.ಎಲ್., ಇ.ಎಲ್. ಎಂಬ ಅಕ್ಷರಗಳ ಹಿಂದೆ ಎಷ್ಟು ಬೇರೆ ಬೇರೆ ಲೆಕ್ಕಗಳಿವೆ ಎಂಬುದು ಆಗ ಸರಿಯಾಗಿ ಕಂಡಿತು. ಇ.ಎಲ್., ಅಂದರೆ ಗಳಿಕೆ ರಜೆ, 1948ರ ಕಾರ್ಖಾನೆ ಕಾಯ್ದೆಯಿಂದ ಬಂದದ್ದು. ವರ್ಷದಲ್ಲಿ 240 ದಿನ ಕೆಲಸ ಮಾಡಿದ ವಯಸ್ಕ ಕಾರ್ಮಿಕನಿಗೆ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಮುಂದಿನ ವರ್ಷ ಸಂಬಳ ಸಹಿತ ರಜೆ ಆಗ ಸಿಗುತ್ತಿತ್ತು. ಅದು ದುಡಿದು ಸಂಪಾದಿಸಿದ್ದು. ಆದರೆ ಬೇಕೆಂದ ದಿನವೇ ಸಿಗುತ್ತಿರಲಿಲ್ಲ, ಕನಿಷ್ಠ 15 ದಿನ ಮುಂಚೆ ಬರೆದುಕೊಡಬೇಕಿತ್ತು. ಸಿ.ಎಲ್. ಕಾರ್ಖಾನೆ ಕಾಯ್ದೆಯಲ್ಲಿ ಇರಲೇ ಇಲ್ಲ. ಅದು ಸ್ಥಾಯೀ ಆದೇಶದಿಂದ ಬಂದದ್ದು. ಕೇಂದ್ರ ಸರ್ಕಾರದ ಮಾದರಿ ಸ್ಥಾಯೀ ಆದೇಶದಲ್ಲಿ ವರ್ಷಕ್ಕೆ ಒಟ್ಟು 10 ದಿನ ಮೀರದಂತೆ, ಕಾಯಿಲೆಯ ಹೊರತು ಒಮ್ಮೆಗೆ ಮೂರು ದಿನ ಮೀರದಂತೆ ಕೊಡಬಹುದು ಎಂದಿತ್ತು. ನಮ್ಮ ಕಂಪನಿ ಹೆಚ್ಚುಕಡಿಮೆ ಅದನ್ನೇ ತೆಗೆದುಕೊಂಡು, ಜೊತೆಗೆ ತನ್ನವೇ ಕೆಲವು ಸಾಲು ಸೇರಿಸಿತ್ತು: ವಾರದ ರಜೆ ಹಿಂದೆ, ಮುಂದೆ ಅಥವಾ ನಡುವೆ ಬಂದರೆ ಅದನ್ನು ಸಿ.ಎಲ್. ಲೆಕ್ಕಕ್ಕೆ ಹಿಡಿಯುವುದಿಲ್ಲ, ಸಿ.ಎಲ್.ಗೆ ಇ.ಎಲ್. ಜೋಡಿಸುವಂತಿಲ್ಲ, ಉಳಿದ ಸಿ.ಎಲ್. ಡಿಸೆಂಬರ್ 31ಕ್ಕೆ ರದ್ದಾಗುತ್ತದೆ.

ಈ ಕಲಮಿನಲ್ಲಿ ಎರಡು ಮಾತುಗಳ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಮೊದಲನೆಯದು, ಸಿ.ಎಲ್. ಇರುವುದು ಮುಂಚಿತವಾಗಿ ಊಹಿಸಲಾಗದ ವಿಶೇಷ ಸಂದರ್ಭಗಳಿಗೆ ಎಂಬುದು. ಎರಡನೆಯದು, ಸಾಮಾನ್ಯವಾಗಿ ಇಲಾಖೆಯ ಮುಖ್ಯಸ್ಥರ ಅನುಮತಿ ಮೊದಲೇ ಪಡೆಯಬೇಕು. ಅದು ಸಾಧ್ಯವಾಗದಿದ್ದಾಗ ಗೈರುಹಾಜರಿಯನ್ನೂ ಅದು ಎಷ್ಟು ದಿನ ಆಗಬಹುದೆಂಬುದನ್ನೂ ಆದಷ್ಟು ಬೇಗ ಅವರಿಗೆ ಬರೆದು ತಿಳಿಸಬೇಕು ಎಂಬುದು. ಟೈಮ್ ಆಫೀಸಿನಲ್ಲಿ ನಾವು ನಡೆಸಿಕೊಂಡು ಬಂದದ್ದು ಈ ಎರಡನೆಯ ವಾಕ್ಯದ ಮೊದಲರ್ಧ ಮಾತ್ರ. ಮೊದಲೇ ಸಹಿ ಇಲ್ಲವೋ, ‘ಆಬ್ಸೆಂಟ್’. ಉಳಿದರ್ಧ ಹಾಳೆಯಲ್ಲಿದ್ದರೂ ಅದನ್ನು ಓದಿ ಕೇಳಿದವರು ಯಾರೂ ಇರಲಿಲ್ಲ.

ರಾತ್ರಿ ಪಾಳಿಯವನು ಯಾರಿಗೆ ತಿಳಿಸಬೇಕು ಎಂಬ ಪ್ರಶ್ನೆಯೂ ಎದ್ದಿತು. ರಾತ್ರಿ ಹತ್ತರ ಮೇಲೆ ಇಲಾಖೆಯ ಮುಖ್ಯಸ್ಥರು ಕಾರ್ಖಾನೆಯಲ್ಲಿ ಇರುವುದಿಲ್ಲ. ಪಾಳಿ ಸೂಪರ್‌ವೈಸರ್ ಇಲಾಖೆಯ ಮುಖ್ಯಸ್ಥನಲ್ಲ. ಪರ್ಸನಲ್ ಆಫೀಸರನ್ನು ಕೇಳಿದೆ. ಅವರು ಮ್ಯಾನೇಜರನ್ನು ಕೇಳಿ ಬಂದು, ‘ಸೂಪರ್‌ವೈಸರ್ ಕೈಗೆ ಕೊಟ್ಟರೆ ಸಾಕು. ಅವರು ಬೆಳಿಗ್ಗೆ ಮುಟ್ಟಿಸಬೇಕು. ಅದನ್ನ ಕೆಳಗೆ ಸೂಚನೆ ಅಂತ ಹಾಕಿ’ ಎಂದರು. ನಾಲ್ಕು ಹಾಳೆಯ ಕನ್ನಡ ಪ್ರತಿಯಲ್ಲಿ ಕಾರ್ಮಿಕರು ಬೆರಳಿಟ್ಟು ಓದಿದ್ದು ಆ ಸೂಚನೆಯನ್ನೇ. ಅವರು ಹೆಚ್ಚು ವಿಚಾರಿಸಿದ ಇನ್ನೊಂದು ಸಂಗತಿ ಇ.ಎಸ್.ಐ.ಗೆ ಸಂಬಂಧಿಸಿದ್ದು. ಕಾಯಿಲೆ ಬಿದ್ದವನಿಗೆ ಇ.ಎಸ್.ಐ. ಕೊಡುವ ಭತ್ಯೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಸಿಗುವುದಿಲ್ಲ. ಆ ಎರಡು ದಿನಕ್ಕೆ ಸಿ.ಎಲ್. ಹಾಕಿಕೊಂಡರೆ ಸಂಬಳ ಉಳಿಯುತ್ತದೆ. ಹಳಬರಿಗೆ ಇದು ಗೊತ್ತಿತ್ತು, ಹೊಸಬರಿಗೆ ಗೊತ್ತಿರಲಿಲ್ಲ.

ಬೋರ್ಡು ಗೇಟಿಗೆ ಏರಿದ ಮೇಲೂ ಅರ್ಜಿಗಳು ಮಾತ್ರ ಜೆರಾಕ್ಸ್ ಅಂಗಡಿಯಿಂದಲೇ ಬರುತ್ತಿದ್ದವು. ನಿಯಮ ಕನ್ನಡದಲ್ಲಿ ಇರಬಹುದು, ಮ್ಯಾನೇಜರಿಗೆ ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ ಎಂಬ ಅನುಮಾನ ಎಲ್ಲರಿಗೂ. ಮ್ಯಾನೇಜರು ಕೊಯಮತ್ತೂರಿನ ಕಡೆಯವರು. ಕನ್ನಡ ಸರಾಗವಾಗಿ ಮಾತಾಡುತ್ತಿದ್ದರು, ಓದುವುದು ನಿಧಾನ. ಅವರಿಗೆ ಕನ್ನಡದಲ್ಲಿ ಮೊದಲ ಅರ್ಜಿ ಕೊಡುವ ಸಂದರ್ಭ ನನಗೇ ಬಂತು.

1996ರ ಫೆಬ್ರವರಿ 22, ಗುರುವಾರ. ಊರಿನಿಂದ ತಮ್ಮ ಒಂದು ನೋಟಿಸು ಹಿಡಿದುಕೊಂಡು ಬಂದ. ತಿಪಟೂರು ತಾಲ್ಲೂಕಿನಲ್ಲಿ ನಮ್ಮ ಅಪ್ಪನ ಹೆಸರಿನಲ್ಲಿದ್ದ ತೆಂಗಿನ ತೋಟಕ್ಕೂ ಪಕ್ಕದವರ ಹೊಲಕ್ಕೂ ಬದುವಿನ ತಕರಾರು ಇತ್ತು. ಹದ್ದುಬಸ್ತಿಗೆ ಅರ್ಜಿ ಹಾಕಿ ಎಷ್ಟೋ ಕಾಲವಾಗಿತ್ತು. ಈಗ, 26ರ ಸೋಮವಾರ ಭೂಮಾಪಕರು ಬರುತ್ತಾರೆ, ಅರ್ಜಿದಾರರೂ ಬಾಜುದಾರರೂ ಸ್ಥಳದಲ್ಲಿ ಹಾಜರಿರಬೇಕು ಎಂದು ಸರ್ವೆ ಕಚೇರಿಯ ನೋಟಿಸು. ಅಪ್ಪನಿಗೆ ಕಣ್ಣು ಮಂಜು. ತಮ್ಮ ಇನ್ನೂ ಹುಡುಗ. ಟಿಪ್ಪಣಿ ನಕ್ಷೆ ನೋಡಿ, ಸರಪಳಿ ಎಲ್ಲಿಂದ ಹಿಡಿದರು, ಬಾಂದುಕಲ್ಲು ಎಲ್ಲಿ ಬಂತು ಎಂದು ನೋಡಿಕೊಳ್ಳಲು ನಾನೇ ಹೋಗಬೇಕಿತ್ತು.

ಜೆರಾಕ್ಸ್ ಅಂಗಡಿಯ ಜ್ವರ ನನಗೆ ಬೇಡವಾಗಿತ್ತು. ನಿಯಮವನ್ನು ಸಾಲು ಸಾಲಾಗಿ ಬರೆದವನಾದ್ದರಿಂದ ಅದು ಅರ್ಜಿದಾರನನ್ನು ಏನೇನು ಕೇಳುತ್ತದೆ ಎಂಬುದು ತಲೆಯಲ್ಲಿ ಇತ್ತು. ಇ.ಎಲ್. ಕೇಳುವಂತಿಲ್ಲ, ಏಕೆಂದರೆ 15 ದಿನದ ಮುಂಚೆ ನಮಗೇ ತಾರೀಖು ಗೊತ್ತಿರಲಿಲ್ಲ. ಸಿ.ಎಲ್. ಆಗಬೇಕಾದರೆ, ಸಂದರ್ಭ ಮೊದಲೇ ಗೊತ್ತಿರಲಿಲ್ಲ ಎಂದು ತೋರಿಸಬೇಕು. ಅದಕ್ಕೆ ನೋಟಿಸು ಕೈಸೇರಿದ ದಿನ ಬರೆಯಬೇಕು. ಎಷ್ಟು ದಿನ ಎಂದು ಹೇಳಬೇಕು. ಭಾನುವಾರವನ್ನು ಲೆಕ್ಕಕ್ಕೆ ಹಿಡಿಯದಂತೆ ಅದನ್ನು ಬೇರೆಯಾಗಿ ಕಾಣಿಸಬೇಕು. ಇನ್ನೊಂದು ವಿಷಯ ನಿಯಮದಲ್ಲಿ ಇರಲಿಲ್ಲ, ಮ್ಯಾನೇಜರರ ಮನಸ್ಸಿನಲ್ಲಿ ಇರುತ್ತಿತ್ತು: ತಿಂಗಳ ಕೊನೆ, ಸಂಬಳದ ಲೆಕ್ಕ ಯಾರು ಮಾಡುತ್ತಾರೆ? ಸಿ.ಎಲ್. ‘ಕೊಡಬಹುದು’ ಎಂದಿದೆ, ‘ಕೊಡಬೇಕು’ ಎಂದಿಲ್ಲ. ಕೆಲಸ ನಿಲ್ಲುತ್ತದೆ ಎನಿಸಿದರೆ ಅವರು ಇಲ್ಲ ಎನ್ನಬಹುದು. ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೀಗೆ ಬರೆದೆ:

ದಿನಾಂಕ: 22-2-1996

ಇವರಿಗೆ,
ಮ್ಯಾನೇಜರ್ ಅವರು

ವಿಷಯ: 26-2-1996 ಮತ್ತು 27-2-1996, ಎರಡು ದಿನಗಳ ಸಾಂದರ್ಭಿಕ ರಜೆ (ಸಿ.ಎಲ್.) ಕೋರಿ

ಮಾನ್ಯರೇ,

ತಿಪಟೂರು ತಾಲ್ಲೂಕಿನಲ್ಲಿರುವ ನಮ್ಮ ತಂದೆಯವರ ಜಮೀನಿನ ಹದ್ದುಬಸ್ತಿಗೆ ಭೂಮಾಪಕರು 26-2-1996ರ ಸೋಮವಾರ ಬರುವುದಾಗಿ ಸರ್ವೆ ಕಚೇರಿಯಿಂದ ನೋಟಿಸು ಬಂದಿದೆ. ನೋಟಿಸು ಈ ದಿನ ನನ್ನ ಕೈಸೇರಿದ್ದು, ಅದರ ನಕಲನ್ನು ಲಗತ್ತಿಸಿದ್ದೇನೆ. ದಿನವನ್ನು ಗೊತ್ತುಮಾಡಿದ್ದು ಸರ್ವೆ ಕಚೇರಿ. ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ತಂದೆಯವರಿಗೆ ದೃಷ್ಟಿ ಮಂದವಾಗಿರುವುದರಿಂದ ಅಳತೆಯ ವೇಳೆ ನಾನು ಹಾಜರಿರಬೇಕಾಗಿದೆ.

ಆದ್ದರಿಂದ ಸೋಮವಾರ ಮತ್ತು ಮಂಗಳವಾರ ಸಿ.ಎಲ್. ಮಂಜೂರು ಮಾಡಬೇಕೆಂದು ಕೋರುತ್ತೇನೆ. 25ರ ಭಾನುವಾರ ವಾರದ ರಜೆ. 28ರ ಬುಧವಾರ ಮೊದಲ ಪಾಳಿಗೆ ಹಾಜರಾಗುತ್ತೇನೆ. ಅಳತೆ ಮುಂದಕ್ಕೆ ಹೋದರೆ, ವಿಷಯ ತಿಳಿದ ದಿನವೇ ತಮಗೆ ಬರೆದು ತಿಳಿಸುತ್ತೇನೆ.

ಸಂಬಳದ ಲೆಕ್ಕಕ್ಕೆ ಬೇಕಾದ ಹಾಜರಿಯನ್ನು ಶನಿವಾರ ಸಂಜೆಯೊಳಗೆ ಮುಗಿಸಿಕೊಡುತ್ತೇನೆ. ಆ ಎರಡು ದಿನ ಮಸ್ಟರ್ ನೋಡಿಕೊಳ್ಳಲು ಟೈಮ್ ಆಫೀಸಿನ ಸಹೋದ್ಯೋಗಿ ಒಪ್ಪಿದ್ದಾರೆ.

ಇತಿ ತಮ್ಮ ವಿಶ್ವಾಸಿ

ಕೆಳಗೆ ಹೆಸರು, ಟಿಕೆಟ್ ನಂಬರು, ಊರಿನ ವಿಳಾಸ. ಶಾಲೆಯಲ್ಲಿ ಕಲಿತ ‘ದಯಪಾಲಿಸಬೇಕಾಗಿ ಕೈಮುಗಿದು ಬೇಡಿಕೊಳ್ಳುತ್ತೇನೆ’ ಎಂಬ ಸಾಲು ಬರೆಯಲಿಲ್ಲ. ಬೇಡುವುದಕ್ಕೆ ಅದು ಭಿಕ್ಷೆಯಲ್ಲ, ಹಠ ಹಿಡಿಯುವುದಕ್ಕೆ ಇ.ಎಲ್.ನಂತೆ ಗಳಿಸಿದ್ದೂ ಅಲ್ಲ. ‘ಕೋರುತ್ತೇನೆ’ ಎಂದರೆ ಸಾಕಾಗಿತ್ತು. ಎರಡು ಪ್ರತಿ ಮಾಡಿ, ಒಳಗೆ ಹೋಗಿ ಕೊಟ್ಟೆ.

ಮ್ಯಾನೇಜರು ಹಾಳೆ ತಿರುಗಿಸಿ ನೋಡಿ, ‘ಏನ್ರೀ, ಕನ್ನಡ!’ ಎಂದರು. ‘ಹೌದು ಸರ್. ಬೋರ್ಡು ಕನ್ನಡದಲ್ಲಿ ಹಾಕಿದ್ದೀವಲ್ಲ’ ಎಂದೆ. ‘ಓದಿ’ ಎಂದರು. ಓದಿದೆ. ಹದ್ದುಬಸ್ತು ಅಂದರೇನು ಎಂದು ಕೇಳಿದರು. ಹೇಳಿದೆ. ಅವರ ಊರಿನಲ್ಲೂ ಬದುವಿನ ಜಗಳಕ್ಕೆ ಬರ ಇರಲಿಲ್ಲವಂತೆ. ಆಮೇಲೆ, ‘ಸಂಬಳದ ಹಾಜರಿ ಶನಿವಾರ ಗ್ಯಾರಂಟಿ ತಾನೆ?’ ಎಂದರು. ‘ಗ್ಯಾರಂಟಿ ಸರ್.’ ಇಂಗ್ಲಿಷಿನಲ್ಲಿ ಎರಡು ದಿನ ಮಂಜೂರು ಎಂದು ಬರೆದು ಸಹಿ ಮಾಡಿದರು. ನಕಲಿನ ಮೇಲೂ ಸಹಿ, ತಾರೀಖು ಹಾಕಿಸಿಕೊಂಡೆ. ‘ಹೆಡ್ ಆಫೀಸಿನೋರು ಕೇಳಿದ್ರೆ ನಂಗೆ ತೊಂದರೆ ಆಗಬಾರದು. ಇದರ ತಾತ್ಪರ್ಯ ಇಂಗ್ಲಿಷಲ್ಲಿ ಒಂದು ಸಾಲು ಕಾರ್ಡಿನ ಮೇಲೆ ಬರೀರಿ’ ಎಂದರು. ಅದು ಸರಿಯಾದ ಮಾತೇ. ಕಾರ್ಡು ಬೇರೆ ರಾಜ್ಯದಲ್ಲಿದ್ದ ಹೆಡ್ ಆಫೀಸಿಗೆ ಹೋಗುತ್ತಿತ್ತು. ಅಂದಿನಿಂದ ಕನ್ನಡ ಅರ್ಜಿ ಬಂದರೆ ಆ ಒಂದು ಸಾಲು ಬರೆಯುವುದು ಟೈಮ್ ಆಫೀಸಿನ ಕೆಲಸವಾಯಿತು.

ಸೋಮವಾರ ಊರಲ್ಲಿ ಬಾಜುದಾರರೆಲ್ಲ ಬದುವಿನ ಮೇಲೆ ಕೂತರು. ಭೂಮಾಪಕರು ಬರಲಿಲ್ಲ. ಮಂಗಳವಾರ ಬೆಳಿಗ್ಗೆ ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸಿದರೆ, ಬೇರೆ ಕೆಲಸಕ್ಕೆ ಹಾಕಿದ್ದರು, ಬುಧವಾರ ಖಂಡಿತ ಬರುತ್ತಾರೆ ಎಂಬ ಉತ್ತರ. ನಾನು ತಲೆಯಲ್ಲೇ ಲೆಕ್ಕ ಹಾಕಿದೆ. ಬುಧವಾರ ಸೇರಿದರೆ ಮೂರು ದಿನ. ಅಷ್ಟಕ್ಕೆ ಅವಕಾಶವಿದೆ. ಗುರುವಾರವೂ ನಿಂತರೆ ನಾಲ್ಕನೆಯ ದಿನವಾಗುತ್ತದೆ, ಅದಕ್ಕೆ ಸಿ.ಎಲ್. ಇಲ್ಲ, ಇ.ಎಲ್. ಜೋಡಿಸುವಂತೆಯೂ ಇಲ್ಲ. ಬುಧವಾರದ ಅಳತೆ ಮುಗಿಯಲಿ ಬಿಡಲಿ, ರಾತ್ರಿಯ ರೈಲು ಹಿಡಿಯಲೇಬೇಕು. ತಿಪಟೂರಿನ ಅಂಚೆ ಕಚೇರಿಗೆ ಹೋಗಿ ಮ್ಯಾನೇಜರಿಗೆ ತಂತಿ ಕೊಟ್ಟೆ: ಸರ್ವೆ ಬುಧವಾರಕ್ಕೆ ಹೋಗಿದೆ, 28ಕ್ಕೂ ಸಿ.ಎಲ್. ಬೇಕು, ಗುರುವಾರ ಹಾಜರು, ಕಾಗದ ಬರುತ್ತಿದೆ. ತಂತಿ ಮಾತ್ರ ಇಂಗ್ಲಿಷಿನಲ್ಲಿ. ಅದೇ ಸಂಗತಿಯನ್ನು ಕನ್ನಡದಲ್ಲಿ ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದು ಅಂಚೆಗೆ ಹಾಕಿದೆ. ತಂತಿ ಕೊಟ್ಟ ರಸೀದಿಯನ್ನು ಜೇಬಿನಲ್ಲಿ ಇಟ್ಟುಕೊಂಡೆ.

ಬುಧವಾರ ಭೂಮಾಪಕರು ಬಂದರು. ಸಂಜೆಯ ಹೊತ್ತಿಗೆ ಬಾಂದುಕಲ್ಲು ನಿಂತಿತು, ಮಹಜರಿಗೆ ಎಲ್ಲರ ಸಹಿಯೂ ಬಿತ್ತು. ನಮ್ಮ ಕಡೆ ಬರುತ್ತದೆಂದು ಅಪ್ಪ ನಂಬಿದ್ದ ಎರಡು ತೆಂಗಿನ ಮರ ಪಕ್ಕದವರ ಪಾಲಿಗೆ ಹೋದವು. ಅಳತೆ ಎದುರಿಗೇ ನಡೆದದ್ದರಿಂದ ಅಪ್ಪ ಅದನ್ನು ಒಪ್ಪಿಕೊಂಡರು.

ಗುರುವಾರ ಬಂದು ಮಸ್ಟರ್ ತೆಗೆದರೆ 28ರ ಮನೆಯಲ್ಲಿ ಪೆನ್ಸಿಲಿನಿಂದ ‘ಎ’ ಎಂದು ಬರೆದಿತ್ತು. ತಂತಿ ಬುಧವಾರ ಬೆಳಿಗ್ಗೆಯೇ ಗೇಟಿಗೆ ಬಂದಿತ್ತು. ಸೆಕ್ಯುರಿಟಿಯವರು ಅದನ್ನು ಟಪಾಲಿನ ಜೊತೆ ಸೇರಿಸಿ ಸಂಜೆ ಒಳಗೆ ಕಳಿಸಿದ್ದರು. ಸಹಾಯಕ ಮ್ಯಾನೇಜರು, ‘ಮೂರನೇ ದಿನಕ್ಕೆ ಮೊದಲೇ ಅನುಮತಿ ಇಲ್ಲ. ಎಲ್ಲರಿಗೂ ಒಂದೇ ನಿಯಮ’ ಎಂದರು. ಅವರು ಹೇಳಿದ್ದು ನಾವೆಲ್ಲ ಅಲ್ಲಿಯವರೆಗೆ ನಡೆಸಿಕೊಂಡು ಬಂದದ್ದನ್ನೇ. ನಾನು ವಾದ ಮಾಡಲಿಲ್ಲ. ಮಂಗಳವಾರದ ಮುದ್ರೆ ಇದ್ದ ರಸೀದಿ, ಸಹಿಯಾದ ಅರ್ಜಿಯ ನಕಲು, ಸ್ಥಾಯೀ ಆದೇಶದ ಆ ಪುಟ, ಮೂರನ್ನೂ ಪರ್ಸನಲ್ ಆಫೀಸರ ಮೇಜಿನ ಮೇಲೆ ಇಟ್ಟೆ. ಅವರು ಮ್ಯಾನೇಜರರ ಮುಂದೆ ಕಲಮಿನ ಉಳಿದರ್ಧವನ್ನು ಓದಿದರು: ಮೊದಲೇ ಅನುಮತಿ ಪಡೆಯುವುದು ಸಾಧ್ಯವಾಗದಿದ್ದಾಗ, ಆದಷ್ಟು ಬೇಗ ಬರೆದು ತಿಳಿಸಬೇಕು. ತಿಳಿಸಿದ್ದು ಯಾವಾಗ? ಗೈರುಹಾಜರಿಯ ಹಿಂದಿನ ದಿನ. ಎಷ್ಟು ದಿನ ಎಂದು ತಿಳಿಸಿದೆಯೇ? ತಿಳಿಸಿದೆ. ಗೇಟಿನಲ್ಲಿ ತಡವಾದದ್ದು ಅರ್ಜಿದಾರನ ಕೈಯಲ್ಲಿ ಇರಲಿಲ್ಲ. ಮ್ಯಾನೇಜರು ಅರ್ಜಿಯ ಕೊನೆಗೆ ಇನ್ನೊಂದು ದಿನ ಸೇರಿಸಿ ಸಹಿ ಹಾಕಿದರು. ‘ಎ’ ಅಳಿಸಿ ‘ಸಿ.ಎಲ್.’ ಎಂದು ಬರೆದೆವು. ತಂತಿ ಬಂದರೆ ಆ ಕ್ಷಣವೇ ಟೈಮ್ ಆಫೀಸಿಗೆ ಮುಟ್ಟಿಸಬೇಕು ಎಂದು ಸೆಕ್ಯುರಿಟಿಗೆ ಒಂದು ಮೆಮೋ ಹೋಯಿತು.

ಈ ಸುದ್ದಿ ಕ್ಯಾಂಟೀನಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ವರ್ಷವೇ ಕನ್ನಡ ಅರ್ಜಿಗಳು ಬರತೊಡಗಿದವು. ಕಡತದಲ್ಲಿ ಜ್ವರ ಕಡಿಮೆಯಾಗಿ ನಿಜವಾದ ಕಾರಣಗಳು ಕಾಣಿಸಿದವು: ಎಮ್ಮೆ ಸತ್ತಿದೆ, ಬೋರ್‌ವೆಲ್ ಮೋಟಾರು ಸುಟ್ಟಿದೆ, ಮಗುವನ್ನು ಶಾಲೆಗೆ ಸೇರಿಸಲು ಇಂದೇ ಕೊನೆಯ ದಿನ, ಹೆಂಡತಿಗೆ ನೋವು ಶುರುವಾಗಿದೆ. ಎಲ್ಲವೂ ಮಂಜೂರಾಗಲಿಲ್ಲ. ಊರ ಜಾತ್ರೆಗೆ ಸಿ.ಎಲ್. ಕೇಳಿದವನಿಗೆ, ಜಾತ್ರೆ ಪ್ರತಿವರ್ಷ ಬರುತ್ತದೆ, ಮೊದಲೇ ಗೊತ್ತಿರುತ್ತದೆ, ಇ.ಎಲ್. ಕೇಳು ಎಂಬ ಉತ್ತರ ಬಂತು. ಹಾಗೆ ಹೇಳಿದ್ದೂ ನಿಯಮದ ಪ್ರಕಾರವೇ. ಡಿಸೆಂಬರ್ ಕೊನೆಯ ವಾರದಲ್ಲಿ, ಉಳಿದ ಸಿ.ಎಲ್. ರದ್ದಾಗುತ್ತದೆಂದು ಎಲ್ಲರಿಗೂ ಒಟ್ಟಿಗೇ ತುರ್ತು ಕೆಲಸ ಬರುವುದನ್ನು ಮಾತ್ರ ಕನ್ನಡವೂ ತಡೆಯಲಿಲ್ಲ.

ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಈಗ ಮೊಬೈಲಿನಲ್ಲಿ ಕಳಿಸಿದ ಸಂದೇಶ ಆ ಕೆಲಸ ಮಾಡುತ್ತದೆ. ಅರ್ಜಿ ಕೇಳುವ ಸಂಗತಿಗಳು ಮಾತ್ರ ಅವೇ. ಬೇರೆಯವರು ಬರೆದುಕೊಟ್ಟ ಕಾರಣಕ್ಕೆ ಸಹಿ ಹಾಕಬೇಡಿ. ನಾಳೆ ಅದಕ್ಕೆ ಸಾಕ್ಷಿ ಕೇಳುವುದು ನಿಮ್ಮನ್ನೇ. ಹೋಗುವ ದಿನ, ಮರಳುವ ದಿನ, ನಡುವಿನ ವಾರದ ರಜೆ, ವಿಷಯ ನಿಮಗೆ ತಿಳಿದ ದಿನ, ಇಷ್ಟನ್ನೂ ತಾರೀಖು ಹಾಕಿ ಬರೆಯಿರಿ. ನಕಲಿನ ಮೇಲೆ ಸಹಿ ಪಡೆಯಿರಿ. ಊರಲ್ಲಿ ತಡವಾದರೆ, ಮರಳಿ ಬಂದು ಹೇಳೋಣ ಎಂದುಕೊಳ್ಳದೆ ಅಲ್ಲಿಂದಲೇ ಬರೆದು ತಿಳಿಸಿ.